ರೌಟರಿನ ನಕಲು ಮಾಲೀಕರ ತಿಜೋರಿಯಲ್ಲಿರಲಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ವರ್ತಕರು ಮತ್ತು ಸಣ್ಣ ಉದ್ದಿಮೆದಾರರು ಲೆಕ್ಕಪತ್ರಗಳ ವಿಷಯದಲ್ಲಿ ಅಜಾಗರೂಕರೆಂದು ಯಾರೂ ಹೇಳಲಾರರು. ಕಿರ್ದಿ, ಖತಾವಣಿಗಳ ಕಾಲದಿಂದ ಬಂದ ಶಿಸ್ತು ಅವರದು. ಇಂದು ಗಣಕಯಂತ್ರದಲ್ಲಿರುವ ಲೆಕ್ಕದ ನಕಲನ್ನು ಪ್ರತಿದಿನ ಸಂಜೆ ಪೆನ್ ಡ್ರೈವ್‌ಗೆ ತೆಗೆಯುವ ಪದ್ಧತಿ ಹೆಚ್ಚಿನ ಅಡತಿ ಅಂಗಡಿಗಳಲ್ಲಿಯೂ ಬೇಳೆ ಮಿಲ್ಲುಗಳಲ್ಲಿಯೂ ರೂಢಿಯಾಗಿದೆ. ಆದರೆ ಆ ಲೆಕ್ಕವನ್ನು ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ, ಮಿಲ್ಲಿನಿಂದ ಮಾರುಕಟ್ಟೆ ಪ್ರಾಂಗಣದ ಅಂಗಡಿಗೆ ಸಾಗಿಸುವ ರೌಟರ್ ಮತ್ತು ಸ್ವಿಚ್‌ಗಳ ಒಳಗಿನ ವ್ಯವಸ್ಥೆಯ ನಕಲು ಎಲ್ಲಿದೆ ಎಂದು ಕೇಳಿದರೆ ಬರುವ ಉತ್ತರ ಬಹುತೇಕ ಒಂದೇ: ‘ಅದು ಇಂಜಿನಿಯರ್ ಹತ್ತಿರ ಇರತದ.’ ಆ ಇಂಜಿನಿಯರ್ ವಿಜಯಪುರದಲ್ಲಿಯೋ ಸೊಲ್ಲಾಪುರದಲ್ಲಿಯೋ ಇರುತ್ತಾರೆ, ಅವರ ಕೈಯಲ್ಲಿ ಇಂತಹ ಹತ್ತಾರು ಸಂಸ್ಥೆಗಳಿರುತ್ತವೆ, ಮತ್ತು ನಕಲು ಅವರ ಬಳಿಯೂ ಇಲ್ಲವೆಂಬುದು ಅವಘಡವಾದ ದಿನವೇ ತಿಳಿಯುತ್ತದೆ.

ಉದಾಹರಣೆಗಾಗಿ ಇಂಡಿಯ ಹೊರವಲಯದಲ್ಲಿ ಒಂದು ತೊಗರಿ ಬೇಳೆ ಮಿಲ್ಲನ್ನು ಕಲ್ಪಿಸಿಕೊಳ್ಳಬಹುದು. ಕಚೇರಿಯಲ್ಲಿ ನಾಲ್ಕು ಗಣಕಯಂತ್ರಗಳು, ಗೇಟಿನ ಬಳಿಯ ವೇಬ್ರಿಡ್ಜ್ ಕೋಣೆಯಲ್ಲಿ ಒಂದು, ಗೋದಾಮಿನಲ್ಲಿ ಸಿಸಿ ಕ್ಯಾಮೆರಾಗಳು, ಮಾರುಕಟ್ಟೆ ಪ್ರಾಂಗಣದ ಅಂಗಡಿಯಲ್ಲಿ ಎರಡು ಯಂತ್ರಗಳು. ಕಚೇರಿಯಲ್ಲಿ ಒಂದು ಮೈಕ್ರೋಟಿಕ್ ರೌಟರ್ ಇದೆ. ಅಂಗಡಿಗೂ ಮಿಲ್ಲಿಗೂ ನಡುವೆ ಗುಪ್ತ ಸಂಪರ್ಕವನ್ನು, ಅಂದರೆ ವಿಪಿಎನ್ ಅನ್ನು, ಕಲ್ಪಿಸುವುದು ಅದೇ. ಅದರ ಕೆಳಗೆ 24 ಪೋರ್ಟುಗಳ ಒಂದು ಸಿಸ್ಕೊ ಸ್ವಿಚ್. ಲೆಕ್ಕದ ಯಂತ್ರಗಳನ್ನು ಒಂದು ಗುಂಪಿನಲ್ಲಿ, ವೇಬ್ರಿಡ್ಜನ್ನು ಇನ್ನೊಂದರಲ್ಲಿ, ಕ್ಯಾಮೆರಾಗಳನ್ನು ಮೂರನೆಯದರಲ್ಲಿ ಬೇರ್ಪಡಿಸಿಟ್ಟಿರುವುದು ಆ ಸ್ವಿಚ್. ಇವೆರಡರ ಬೆಲೆ ಮಿಲ್ಲಿನ ಒಂದು ಮೋಟಾರಿನ ದುರಸ್ತಿಯಷ್ಟೂ ಆಗಲಿಕ್ಕಿಲ್ಲ. ಒಳಗಿರುವ ಇನ್ನೂರು ಮುನ್ನೂರು ಸಾಲುಗಳ ವ್ಯವಸ್ಥೆಯಾದರೋ ಮೂರು ನಾಲ್ಕು ವರ್ಷಗಳ ತಿದ್ದುಪಡಿಗಳಿಂದ ಬೆಳೆದುದು. ಅದು ಯಾವ ಅಂಗಡಿಯಲ್ಲಿಯೂ ದೊರೆಯುವುದಿಲ್ಲ.

ಮೇ ತಿಂಗಳ ಒಂದು ಸಂಜೆ ಗುಡುಗು ಮಿಂಚಿನ ಮಳೆಗೆ ರೌಟರ್ ಸುಟ್ಟುಹೋಯಿತೆನ್ನೋಣ. ಹೊಸ ರೌಟರ್ ಮರುದಿನವೇ ಬರುತ್ತದೆ. ಇ-ವೇ ಬಿಲ್ಲಾಗಲಿ, 2023ರ ಆಗಸ್ಟ್ 1ರಿಂದ ಐದು ಕೋಟಿ ರೂಪಾಯಿ ವಹಿವಾಟು ಮೀರಿದವರಿಗೆ ಕಡ್ಡಾಯವಾದ ಇ-ಇನ್‌ವಾಯ್ಸ್ ಆಗಲಿ, ಮೊಬೈಲ್ ಫೋನಿನ ಇಂಟರ್‌ನೆಟ್ ಮೂಲಕವೂ ಹೊರಡಿಸಬಹುದು. ಆದ್ದರಿಂದ ವ್ಯಾಪಾರ ಪೂರ್ತಿ ನಿಂತಿತೆಂದು ಹೇಳುವುದು ಅತಿಶಯೋಕ್ತಿ. ಆದರೆ ವೇಬ್ರಿಡ್ಜಿನ ತೂಕ ಲೆಕ್ಕದ ಯಂತ್ರಕ್ಕೆ ಬರುವುದಿಲ್ಲ, ಅಂಗಡಿಯವರಿಗೆ ಮಿಲ್ಲಿನ ದಾಸ್ತಾನು ಕಾಣುವುದಿಲ್ಲ, ಚೀಟಿಯ ಮೇಲೆ ಬರೆದ ತೂಕವನ್ನು ಕೈಯಿಂದ ಏರಿಸುವಾಗ ಅಂಕಿ ತಪ್ಪುತ್ತದೆ. ಇಂಜಿನಿಯರ್ ಬಂದು, ಯಾವ ಪೋರ್ಟಿಗೆ ಯಾವ ತಂತಿ, ಅಂಗಡಿಯ ವಿಪಿಎನ್ ಕೀಲಿ ಯಾವುದು, ಇಂಟರ್‌ನೆಟ್ ಸಂಪರ್ಕದ ಬಳಕೆದಾರ ಹೆಸರು ಯಾವುದು ಎಂದು ಒಂದೊಂದಾಗಿ ಹುಡುಕಲು ಎರಡು ದಿನ ಹಿಡಿದರೂ ಆಶ್ಚರ್ಯವಿಲ್ಲ. ವ್ಯವಸ್ಥೆಯ ಪಠ್ಯನಕಲು ಕೈಯಲ್ಲಿದ್ದರೆ ಅದೇ ಕೆಲಸ ಅರ್ಧ ದಿನದೊಳಗೆ ಮುಗಿಯುತ್ತದೆ.

ಈ ನಕಲು ತೆಗೆಯುವುದು ಒಂದು ಸಾಲಿನ ಕೆಲಸ. ಮೈಕ್ರೋಟಿಕ್ ರೌಟರಿನ ಏಳನೆಯ ಆವೃತ್ತಿಯಲ್ಲಿ ಕೆಳಗಿನ ಆಜ್ಞೆ ಕೊಟ್ಟರೆ ಫೈಲ್ ಸಿದ್ಧವಾಗುತ್ತದೆ:

```
/export show-sensitive file=mill-router
```

ಇಲ್ಲಿ `show-sensitive` ಎಂಬ ಪದವನ್ನು ಬಿಟ್ಟರೆ ವಿಪಿಎನ್ ಕೀಲಿಗಳೂ ಇಂಟರ್‌ನೆಟ್ ಸಂಪರ್ಕದ ಪಾಸ್‌ವರ್ಡೂ ಫೈಲಿನಲ್ಲಿ ಬರುವುದಿಲ್ಲ. ನಕಲು ಇದೆಯೆಂದು ನೆಮ್ಮದಿಯಿಂದಿದ್ದವರು ಮರುಸ್ಥಾಪನೆಯ ದಿನ ಎಡವುವುದು ಇಲ್ಲಿಯೇ. ಹಳೆಯ ಆರನೆಯ ಆವೃತ್ತಿಯಲ್ಲಿ ಆ ಪದ ಬೇಕಿಲ್ಲ. ಅಲ್ಲಿ ಎಲ್ಲವೂ ತಾನಾಗಿಯೇ ಬರುತ್ತದೆ. ಇದೇ ರೌಟರಿನಲ್ಲಿ `.backup` ಎಂಬ ಇನ್ನೊಂದು ಬಗೆಯ ನಕಲೂ ಉಂಟು. ಅದು ಅದೇ ಯಂತ್ರಕ್ಕೆ ಮರಳಿ ಹಾಕಲು ಮಾತ್ರ ಉದ್ದೇಶಿತವಾದುದು, ತೆರೆದು ಓದಲು ಬರುವುದಿಲ್ಲ. ಸುಟ್ಟುಹೋದ ಮಾದರಿ ಮಾರುಕಟ್ಟೆಯಲ್ಲಿ ಸಿಗದೆ ಬೇರೆ ಮಾದರಿ ತಂದಾಗ ಉಪಯೋಗಕ್ಕೆ ಬರುವುದು ಪಠ್ಯನಕಲೇ. ಆಗಲೂ ಪೋರ್ಟುಗಳ ಹೆಸರನ್ನು ಹೊಸ ಯಂತ್ರಕ್ಕೆ ತಕ್ಕಂತೆ ತಿದ್ದಬೇಕಾಗುತ್ತದೆ, ಮತ್ತು ರೌಟರಿನೊಳಗೆ ಪ್ರವೇಶಿಸುವ ಬಳಕೆದಾರರ ಪಾಸ್‌ವರ್ಡುಗಳು ಅದರಲ್ಲಿ ಇರುವುದಿಲ್ಲವಾದ್ದರಿಂದ ಅವನ್ನು ಹೊಸದಾಗಿ ಇಡಬೇಕು. ಹೊಸ ರೌಟರಿನ ಕಾರ್ಖಾನೆಯ ಪೂರ್ವವ್ಯವಸ್ಥೆಯನ್ನು ಮೊದಲು ಅಳಿಸದೆ ಹಳೆಯ ಫೈಲನ್ನು ಸುರಿದರೆ ಎರಡೂ ಡಿಕ್ಕಿ ಹೊಡೆದು ಕೆಲಸ ಮಧ್ಯದಲ್ಲಿ ನಿಲ್ಲುತ್ತದೆ. ಕೆಲವು ಇಂಟರ್‌ನೆಟ್ ಪೂರೈಕೆದಾರರು ಹಳೆಯ ರೌಟರಿನ ಮ್ಯಾಕ್ ವಿಳಾಸಕ್ಕೆ ಸಂಪರ್ಕವನ್ನು ಕಟ್ಟಿರುತ್ತಾರೆ. ಅಂಥಲ್ಲಿ ಅವರಿಗೆ ಫೋನು ಮಾಡಿ ಬಿಡಿಸಿಕೊಳ್ಳುವವರೆಗೆ ಎಲ್ಲವೂ ಸರಿಯಿದ್ದರೂ ಇಂಟರ್‌ನೆಟ್ ಬರುವುದಿಲ್ಲ.

ಸ್ವಿಚ್‌ನ ವಿಷಯದಲ್ಲಿ ತೊಂದರೆ ಬೇರೆ ಬಗೆಯದು, ಮತ್ತು ವಿದ್ಯುತ್ ಆಗಾಗ ಹೋಗುವ ಊರುಗಳಲ್ಲಿ ಅದು ಹೆಚ್ಚು ಕಾಡುತ್ತದೆ. ಸಿಸ್ಕೊ ಮಾದರಿಯ ಸ್ವಿಚ್‌ಗಳಲ್ಲಿ ವ್ಯವಸ್ಥೆ ಎರಡು ಕಡೆ ಇರುತ್ತದೆ: ಈಗ ನಡೆಯುತ್ತಿರುವುದು ಒಂದು, ಮತ್ತೆ ಚಾಲೂ ಆದಾಗ ಓದಿಕೊಳ್ಳುವುದು ಇನ್ನೊಂದು. ಇಂಜಿನಿಯರ್ ಬಂದು ವೇಬ್ರಿಡ್ಜಿನ ಪೋರ್ಟನ್ನು ಬೇರೆ ಗುಂಪಿಗೆ ಹಾಕಿ, ಕೆಲಸ ನಡೆಯುತ್ತಿದೆಯೆಂದು ತೋರಿಸಿ, ಉಳಿಸುವ ಆಜ್ಞೆಯನ್ನು ಕೊಡದೆ ಹೊರಟುಹೋದರೆ ಆ ತಿದ್ದುಪಡಿ ಮೊದಲನೆಯ ಕಡೆ ಮಾತ್ರ ಇರುತ್ತದೆ. ಯುಪಿಎಸ್ ತಾಳಿಕೊಂಡಷ್ಟು ದಿನ ಎಲ್ಲವೂ ಸುಗಮ. ಮೂರು ತಿಂಗಳ ನಂತರ ಒಂದು ದೀರ್ಘ ವಿದ್ಯುತ್ ಕಡಿತದಲ್ಲಿ ಸ್ವಿಚ್ ಆರಿ ಹೊತ್ತಿಕೊಂಡಾಗ ವೇಬ್ರಿಡ್ಜ್ ಹಳೆಯ ಗುಂಪಿಗೆ ಮರಳಿರುತ್ತದೆ. ಆ ದಿನ ಯಾರೂ ಏನನ್ನೂ ಮುಟ್ಟಿಲ್ಲ. ಆದ್ದರಿಂದ ಕಾರಣ ಯಾರಿಗೂ ಹೊಳೆಯುವುದಿಲ್ಲ. ಇದನ್ನು ತಪ್ಪಿಸಲು ಪ್ರತಿ ತಿದ್ದುಪಡಿಯ ನಂತರ `copy running-config startup-config` ಎಂಬ ಆಜ್ಞೆ ಬೇಕು. ಇಂಜಿನಿಯರುಗಳು ರೂಢಿಯಲ್ಲಿ `write memory` ಎಂದು ಕೊಡುವುದೂ ಅದೇ. ಅನಂತರ `show running-config` ಆಜ್ಞೆಯ ಉತ್ತರವನ್ನು ಒಂದು ಫೈಲಿನಲ್ಲಿ ಉಳಿಸಿದರೆ ಸ್ವಿಚ್‌ನ ನಕಲೂ ಸಿದ್ಧ.

ಈ ಫೈಲುಗಳನ್ನು ಎಲ್ಲಿಡಬೇಕು? ವಾಟ್ಸ್‌ಆಪ್‌ನಲ್ಲಿ ಖಂಡಿತ ಅಲ್ಲ. ಇವುಗಳಲ್ಲಿ ಪಾಸ್‌ವರ್ಡುಗಳಿರುತ್ತವೆ, ಸಿಸ್ಕೊ ಫೈಲಿನಲ್ಲಿ 7 ಎಂಬ ಅಂಕಿಯ ಮುಂದೆ ಗೊಂದಲಾಕ್ಷರಗಳಂತೆ ಕಾಣುವ ಪಾಸ್‌ವರ್ಡನ್ನು ಯಾರು ಬೇಕಾದರೂ ಕ್ಷಣದಲ್ಲಿ ಬಿಡಿಸಬಹುದು. ಒಂದು ಪೆನ್ ಡ್ರೈವ್ ತಿಜೋರಿಯಲ್ಲಿ, ಇನ್ನೊಂದು ಪ್ರತಿ ಮಾಲೀಕರ ಮನೆಯಲ್ಲಿ ಇದ್ದರೆ ಸಣ್ಣ ಸಂಸ್ಥೆಗೆ ಸಾಕು. ಇತ್ತೀಚೆಗೆ ಕ್ಲೌಡ್ ಮೂಲಕ ನಡೆಸುವ ಉಪಕರಣಗಳು ಬಂದಿರುವುದರಿಂದ ನಕಲು ತಾನಾಗಿಯೇ ಅಲ್ಲಿ ಉಳಿಯುತ್ತದೆ, ಈ ತೊಡಕೇ ಬೇಡ ಎಂಬ ವಾದವೂ ಉಂಟು. ವಾದದಲ್ಲಿ ಹುರುಳಿದೆ. ಆದರೆ ಆ ಖಾತೆ ಯಾರ ಇಮೇಲ್ ವಿಳಾಸದಲ್ಲಿ ತೆರೆಯಲ್ಪಟ್ಟಿದೆ ಎಂಬುದನ್ನು ಮೊದಲು ನೋಡಬೇಕು. ಉಪಕರಣ ಅಳವಡಿಸಿದವರ ಸ್ವಂತ ವಿಳಾಸದಲ್ಲಿದ್ದರೆ, ಅವರು ಕೆಲಸ ಬಿಟ್ಟು ಬೆಂಗಳೂರಿಗೋ ಪುಣೆಗೋ ಹೋದ ದಿನ ಸಂಸ್ಥೆಯ ಜಾಲದ ಕೀಲಿಕೈಯೂ ಅವರೊಂದಿಗೆ ಹೋದಂತೆ. ನೋಂದಣಿ ಪತ್ರ ಬೇರೆಯವರ ಹೆಸರಿನಲ್ಲಿರುವ ಲಾರಿಯನ್ನು ಯಾವ ವರ್ತಕರೂ ಇಟ್ಟುಕೊಳ್ಳುವುದಿಲ್ಲ.

ಪ್ರತಿ ತಿಂಗಳು ಒಂದು ನಕಲು ತೆಗೆದಿಡುವುದರಿಂದ ಇನ್ನೊಂದು ಪ್ರಯೋಜನವಿದೆ. ಈ ತಿಂಗಳ ಫೈಲನ್ನು ಕಳೆದ ತಿಂಗಳದರೊಡನೆ ಹೋಲಿಸಿದರೆ ಯಾರು ಏನನ್ನು ಬದಲಿಸಿದ್ದಾರೆಂಬುದು ಕಾಣುತ್ತದೆ. ವಿಂಡೋಸ್ ಯಂತ್ರದಲ್ಲಿ `fc` ಎಂಬ ಹಳೆಯ ಆಜ್ಞೆಯೇ ಇದಕ್ಕೆ ಸಾಕು. ಮೈಕ್ರೋಟಿಕ್ ಫೈಲಿನ ಮೊದಲ ಸಾಲಿನಲ್ಲಿ ದಿನಾಂಕವಿರುವುದರಿಂದ ಅದೊಂದು ಸಾಲು ಯಾವಾಗಲೂ ಬೇರೆಯಾಗಿರುತ್ತದೆ. ಉಳಿದ ವ್ಯತ್ಯಾಸಗಳಿಗೆ ಕಾರಣ ಕೇಳಬೇಕು. 2018ರಲ್ಲಿ ನಡೆದುದನ್ನು ಇಲ್ಲಿ ನೆನೆಯಬಹುದು. ಮೈಕ್ರೋಟಿಕ್ ರೌಟರುಗಳಲ್ಲಿದ್ದ ಒಂದು ದೋಷಕ್ಕೆ ಆ ವರ್ಷದ ಏಪ್ರಿಲ್‌ನಲ್ಲಿಯೇ ತಿದ್ದಿದ ಆವೃತ್ತಿ ಬಂದಿತ್ತು. ಅದನ್ನು ಹಾಕಿಕೊಳ್ಳದ ಲಕ್ಷಾಂತರ ರೌಟರುಗಳೊಳಗೆ ಕಳ್ಳರು ಪ್ರವೇಶಿಸಿದರು. ಆಗಸ್ಟ್ ವೇಳೆಗೆ ಬ್ರೆಜಿಲ್‌ನಲ್ಲಿ ಇದು ಬಯಲಿಗೆ ಬಂದು, ಅನಂತರ ಭಾರತದ ರೌಟರುಗಳಲ್ಲಿಯೂ ಕಂಡುಬಂದಿತು. ಅವರು ಯಂತ್ರವನ್ನು ಕೆಡಿಸಲಿಲ್ಲ. ಒಳಗೆ ಪ್ರಾಕ್ಸಿ ತೆರೆದು, ಸಮಯಕ್ಕೆ ಸರಿಯಾಗಿ ನಡೆಯುವ ಕೆಲವು ಸಾಲುಗಳನ್ನು ಸೇರಿಸಿ, ಬಳಕೆದಾರರ ಗಣಕಯಂತ್ರಗಳ ಶಕ್ತಿಯಿಂದ ತಮಗೆ ಡಿಜಿಟಲ್ ನಾಣ್ಯ ಸಂಪಾದಿಸಿದರು. ಇಂಟರ್‌ನೆಟ್ ನಡೆಯುತ್ತಲೇ ಇದ್ದುದರಿಂದ ಯಾರಿಗೂ ಸಂಶಯ ಬರಲಿಲ್ಲ. ತಡವಾಗಿ ಹೊಸ ಆವೃತ್ತಿ ಹಾಕಿಕೊಂಡವರಲ್ಲಿಯೂ ಬಾಗಿಲು ಮುಚ್ಚಿತೇ ಹೊರತು ಕಳ್ಳರು ಸೇರಿಸಿಟ್ಟ ಸಾಲುಗಳು ಹಾಗೆಯೇ ಉಳಿದವು. ಎರಡು ತಿಂಗಳ ಫೈಲುಗಳನ್ನು ಅಕ್ಕಪಕ್ಕ ಇಟ್ಟಿದ್ದವರಿಗೆ ಆ ಸಾಲುಗಳು ಕಣ್ಣಿಗೆ ಹೊಡೆಯುತ್ತಿದ್ದವು.

ಇನ್ನು ಲಾಗ್‌ಗಳ ವಿಷಯ. ರೌಟರ್ ಮತ್ತು ಸ್ವಿಚ್‌ಗಳು ತಮ್ಮಲ್ಲಿ ನಡೆಯುವುದನ್ನೆಲ್ಲ ಒಂದೊಂದು ಸಾಲಾಗಿ ಬರೆಯುತ್ತವೆ. ಇದು ಉಪಕರಣದ ಕಿರ್ದಿ. ಆದರೆ ಈ ಕಿರ್ದಿಯನ್ನು ಅವು ತಮ್ಮ ತಾತ್ಕಾಲಿಕ ಸ್ಮೃತಿಯಲ್ಲಿ ಬರೆದುಕೊಳ್ಳುತ್ತವೆ. ಮೈಕ್ರೋಟಿಕ್ ಸಾಮಾನ್ಯವಾಗಿ ಕೊನೆಯ 1,000 ಸಾಲುಗಳನ್ನು ಇಟ್ಟುಕೊಳ್ಳುತ್ತದೆ. ಸಿಸ್ಕೊ ಸ್ವಿಚ್‌ಗಳಲ್ಲಿ ತಾನಾಗಿ ಇರುವ ಜಾಗ 4,096 ಬೈಟುಗಳು, ಎಂದರೆ ಸುಮಾರು ನಲವತ್ತು ಸಾಲು. ವಿದ್ಯುತ್ ಹೋದರೆ ಎರಡೂ ಶೂನ್ಯ. ತೊಂದರೆಯಾದಾಗ ಜನ ಮೊದಲು ಮಾಡುವ ಕೆಲಸ ಉಪಕರಣವನ್ನು ಆರಿಸಿ ಹೊತ್ತಿಸುವುದಾದ್ದರಿಂದ, ಕಾರಣ ಬರೆದಿದ್ದ ಹಾಳೆಯನ್ನು ಕೈಯಾರೆ ಹರಿದೆಸೆದಂತಾಗುತ್ತದೆ. ಆದಕಾರಣ ಆ ಸಾಲುಗಳನ್ನು ಹುಟ್ಟಿದ ಕೂಡಲೇ ಬೇರೊಂದು ಯಂತ್ರಕ್ಕೆ ಕಳುಹಿಸುವ ಪದ್ಧತಿಯಿದೆ; ಅದಕ್ಕೆ ಸಿಸ್‌ಲಾಗ್ ಎಂದು ಹೆಸರು.

ಸ್ವಿಚ್‌ನಲ್ಲಿ ಇದಕ್ಕೆ ಬೇಕಾದುದು ಇಷ್ಟು, 192.168.10.5 ಎಂಬುದು ಲಾಗ್ ಸಂಗ್ರಹಿಸುವ ಯಂತ್ರದ ವಿಳಾಸವಾದಾಗ:

```
clock timezone IST 5 30
ntp server samay1.nic.in
service timestamps log datetime localtime
logging host 192.168.10.5
logging trap informational
```

ಮೊದಲ ಮೂರು ಸಾಲುಗಳು ಲಾಗ್‌ಗೆ ಸಂಬಂಧಿಸಿದವಲ್ಲ, ಗಡಿಯಾರಕ್ಕೆ ಸಂಬಂಧಿಸಿದವು ಎಂದು ಅವನ್ನು ಬಿಡುವವರೇ ಹೆಚ್ಚು. ಬ್ಯಾಟರಿಯಿಲ್ಲದ ಸಣ್ಣ ಉಪಕರಣಗಳು ಆರಿ ಹೊತ್ತಿದಾಗ ಗಡಿಯಾರ ಹಿಂದಕ್ಕೆ ಹೋಗುತ್ತದೆ. ಸಿಸ್ಕೊ ಸ್ವಿಚ್‌ಗಳಲ್ಲಿ `*Mar  1 00:00:41` ಎಂಬಂತೆ ಆರಂಭವಾಗುವ ಸಾಲು ಕಂಡರೆ ಅದು ಮಾರ್ಚ್ ತಿಂಗಳಲ್ಲ. ಸ್ವಿಚ್ ಆಗತಾನೆ ಎಚ್ಚೆತ್ತು, ಇನ್ನೂ ಸಮಯ ತಿಳಿಯದೆ, 41ನೆಯ ಸೆಕೆಂಡಿನಲ್ಲಿ ಬರೆದುದು. ಮುಂದಿನ ನಕ್ಷತ್ರಚಿಹ್ನೆಯೇ ‘ಈ ಸಮಯವನ್ನು ನಂಬಬೇಡಿ’ ಎಂಬ ಸೂಚನೆ. ಹೆಸರಿನಿಂದ ಸಮಯ ಕೇಳಬೇಕಾದರೆ ಸ್ವಿಚ್‌ಗೆ ಇಂಟರ್‌ನೆಟ್ ದಾರಿಯೂ ಡಿಎನ್‌ಎಸ್ ವಿಳಾಸವೂ ಗೊತ್ತಿರಬೇಕು. ಅದಿಲ್ಲದಲ್ಲಿ ರೌಟರನ್ನೇ ಒಳಗಿನ ಗಡಿಯಾರವಾಗಿ ಮಾಡಿ ಸ್ವಿಚ್‌ಗೆ ಅದರ ವಿಳಾಸ ಕೊಡುವುದು ಉತ್ತಮ.

ಲಾಗ್ ಸ್ವೀಕರಿಸಲು ಮೂಲೆಗೆ ಬಿದ್ದ ಒಂದು ಹಳೆಯ ಗಣಕಯಂತ್ರಕ್ಕೆ ಲಿನಕ್ಸ್ ಹಾಕಿದರೆ ಸಾಕು. ಅದರಲ್ಲಿ ಆರ್‌ಸಿಸ್‌ಲಾಗ್ ಎಂಬ ಉಚಿತ ತಂತ್ರಾಂಶವಿದೆ. ಯುಡಿಪಿ 514ನೆಯ ಪೋರ್ಟಿನಲ್ಲಿ ಕಿವಿಗೊಟ್ಟು, ಬಂದ ಸಾಲುಗಳನ್ನು ಉಪಕರಣವಾರು ಫೈಲುಗಳಲ್ಲಿ ಬರೆಯುವಂತೆ ಅದನ್ನು ಹೊಂದಿಸಬಹುದು. ದುಬಾರಿ ಸರ್ವರನ್ನು ಮಾರಲು ಬಂದವರಿಗೆ ಒಂದು ಲೆಕ್ಕ ತೋರಿಸಬಹುದು. ದಿನಕ್ಕೆ 1,000 ಸಾಲು, ಸಾಲಿಗೆ 120 ಬೈಟು ಎಂದು ಧಾರಾಳವಾಗಿ ಹಿಡಿದರೂ 180 ದಿನಗಳಿಗೆ ಆಗುವುದು 22 ಮೆಗಾಬೈಟಿನೊಳಗೆ; ಒಂದು ಸಣ್ಣ ವಿಡಿಯೊದಷ್ಟು. ಜಾಲದಲ್ಲಿ ಸಾಗುವ ಪ್ರತಿಯೊಂದು ಸಂಪರ್ಕವನ್ನೂ ಬರೆಯಲು ಹೇಳಿದರೆ ಮಾತ್ರ ಈ ಲೆಕ್ಕ ಕೈಮೀರುತ್ತದೆ. ಸಣ್ಣ ಸಂಸ್ಥೆ ಅದನ್ನು ಮಾಡದಿರುವುದೇ ಲೇಸು, ಏಕೆಂದರೆ ಆ ರಾಶಿಯಲ್ಲಿ ಬೇಕಾದ ಸಾಲು ಮುಳುಗಿಹೋಗುತ್ತದೆ.

180 ದಿನ ಎಂಬ ಸಂಖ್ಯೆ ಸುಮ್ಮನೆ ಹಿಡಿದುದಲ್ಲ. ಕೇಂದ್ರ ಸರ್ಕಾರದ ಸೈಬರ್ ತುರ್ತು ಸ್ಪಂದನಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳಲ್ಲಿ ಲಾಗ್‌ಗಳನ್ನು 180 ದಿನ ಭಾರತದೊಳಗೆ ಇಟ್ಟುಕೊಳ್ಳಬೇಕೆಂದೂ, ಗಡಿಯಾರಗಳನ್ನು ರಾಷ್ಟ್ರೀಯ ಮಾಹಿತಿ ಕೇಂದ್ರದ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಹೊಂದಿಸಬೇಕೆಂದೂ, ನಿಗದಿತ ಬಗೆಯ ಅವಘಡಗಳನ್ನು ತಿಳಿದ ಆರು ತಾಸಿನೊಳಗೆ ವರದಿ ಮಾಡಬೇಕೆಂದೂ ಹೇಳಿದೆ. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳಿಗೆ ಇದರ ಪಾಲನೆಗೆ 2022ರ ಸೆಪ್ಟೆಂಬರ್ 25ರವರೆಗೆ ಕಾಲಾವಕಾಶ ನೀಡಲಾಯಿತು. ಕಾಲಾವಕಾಶ ಕೊಟ್ಟರೆಂದರೆ ಸಣ್ಣವರನ್ನು ಹೊರಗಿಡಲಿಲ್ಲ ಎಂದೇ ಅರ್ಥ. ತಮ್ಮ ಸಂಸ್ಥೆಗೆ ಇದು ಹೇಗೆ ಅನ್ವಯಿಸುತ್ತದೆಂಬುದನ್ನು ಪ್ರತಿಯೊಬ್ಬರೂ ತಮ್ಮ ಸಲಹೆಗಾರರಿಂದ ಖಚಿತಪಡಿಸಿಕೊಳ್ಳಬೇಕು.

ಆದರೆ ಕಾನೂನಿನ ಭಯಕ್ಕಿಂತ ಲಾಗ್‌ನ ದಿನನಿತ್ಯದ ಉಪಯೋಗ ದೊಡ್ಡದು. ಮೇಲಿನ ಮಿಲ್ಲಿನಲ್ಲಿಯೇ ವೇಬ್ರಿಡ್ಜ್ ಯಂತ್ರ ದಿನಕ್ಕೆ ಹಲವು ಬಾರಿ ಸಂಪರ್ಕ ಕಳೆದುಕೊಳ್ಳುತ್ತಿದೆಯೆನ್ನೋಣ. ತಂತ್ರಾಂಶದವರು ಜಾಲವನ್ನು ದೂರುತ್ತಾರೆ, ಜಾಲದವರು ತಂತ್ರಾಂಶವನ್ನು. ವೇಬ್ರಿಡ್ಜ್ ಕೋಣೆಯಲ್ಲಿ ಐದು ಪೋರ್ಟಿನ ಒಂದು ಸಾದಾ ಸ್ವಿಚ್ ಇದ್ದು, ಅದರ ತಂತಿ ಕಚೇರಿಯ ಸ್ವಿಚ್‌ನ 7ನೆಯ ಪೋರ್ಟಿಗೆ ಬರುತ್ತದೆ. ಲಾಗ್ ಫೈಲಿನಲ್ಲಿ ಆ ಪೋರ್ಟಿನ ಸಾಲುಗಳನ್ನಷ್ಟೇ ಹುಡುಕಿದರೆ ಹೀಗೆ ಕಾಣುತ್ತದೆ:

```
10:02:16: %LINK-3-UPDOWN: Interface GigabitEthernet0/7, changed state to down
10:02:20: %LINK-3-UPDOWN: Interface GigabitEthernet0/7, changed state to up
```

ಇಂಥ ಜೋಡಿಗಳು ದಿನಕ್ಕೆ ಹದಿನಾಲ್ಕು. ಮಿಲ್ಲಿಗೆ ರಜೆಯಿದ್ದ ದಿನ ಒಂದೂ ಇಲ್ಲ. ಮಿಲ್ಲಿನ ಮೇಸ್ತ್ರಿಯನ್ನು ಕೇಳಿದಾಗ ದೊಡ್ಡ ಮೋಟಾರು ಚಾಲೂ ಮಾಡುವ ಸಮಯಗಳೂ ಇವೇ ಎಂದು ತಿಳಿಯುತ್ತದೆ. ಈಗ ಸಂಶಯ ಎರಡಕ್ಕೆ ಇಳಿಯಿತು: ಮೋಟಾರು ಎದ್ದಾಗ ವೋಲ್ಟೇಜ್ ಕುಸಿದು ಆ ಸಣ್ಣ ಸ್ವಿಚ್ ಆರಿ ಹೊತ್ತುತ್ತಿರಬೇಕು, ಅಥವಾ ಮೋಟಾರಿನ ಕೇಬಲಿನ ಪಕ್ಕದಲ್ಲಿಯೇ ಎಳೆದ ಜಾಲದ ತಂತಿಗೆ ಅದರ ಅಡಚಣೆ ತಗಲುತ್ತಿರಬೇಕು. ಸಣ್ಣ ಸ್ವಿಚ್‌ಗೆ ಎರಡು ದಿನ ಒಂದು ಯುಪಿಎಸ್ ಕೊಟ್ಟು ನೋಡಿದರೆ ತೀರ್ಮಾನವಾಗುತ್ತದೆ. ಸಾಲುಗಳು ನಿಂತರೆ ದೋಷ ವಿದ್ಯುತ್ತಿನದು. ನಿಲ್ಲದಿದ್ದರೆ ತಂತಿಯ ದಾರಿ ಬದಲಿಸಬೇಕು, ಅಂತರ 100 ಮೀಟರ್ ಸಮೀಪಿಸಿದ್ದರೆ ಫೈಬರ್ ಹಾಕುವುದೇ ಸರಿ. ಲಾಗ್ ಇಲ್ಲದಿದ್ದರೆ ಇದೇ ಮಿಲ್ಲಿನವರು ಬಹುಶಃ ಮೊದಲು ಹೊಸ ಗಣಕಯಂತ್ರ ಕೊಂಡು, ಆಮೇಲೆ ತಂತ್ರಾಂಶ ಬದಲಿಸಿ, ಹಳೆಯ ತೊಂದರೆಯೊಡನೆಯೇ ಉಳಿಯುತ್ತಿದ್ದರು.

ಮಾಲೀಕರು ವಾರಕ್ಕೊಮ್ಮೆ ಸ್ವತಃ ನೋಡಬೇಕಾದುದು ಹೆಚ್ಚಿಲ್ಲ. ರೌಟರಿನ ಫೈಲಿನಲ್ಲಿ `login failure for user admin` ಎಂಬ ಸಾಲು ಹೊರಗಿನ ವಿಳಾಸಗಳಿಂದ ನಿರಂತರ ಬರುತ್ತಿದ್ದರೆ, ರೌಟರಿನ ಪ್ರವೇಶದ್ವಾರ ಇಂಟರ್‌ನೆಟ್‌ಗೆ ತೆರೆದಿದೆಯೆಂದು ಅರ್ಥ. ಅದನ್ನು ಅಂದೇ ಮುಚ್ಚಿಸಬೇಕು. `logged in` ಎಂಬ ಸಾಲು ಇಂಜಿನಿಯರ್ ಬಾರದ ರಾತ್ರಿಯಲ್ಲಿ ಕಂಡರೆ ಅದು ಇನ್ನೂ ಗಂಭೀರ. ಸ್ವಿಚ್‌ನ ಫೈಲಿನಲ್ಲಿ `%SYS-5-CONFIG_I` ಎಂಬುದು ಕಂಡ ದಿನ ಯಾರೋ ವ್ಯವಸ್ಥೆಯ ಒಳಹೊಕ್ಕಿದ್ದಾರೆ. ಆ ದಿನಾಂಕದ ಹೊಸ ನಕಲು ತಿಜೋರಿಯಲ್ಲಿದೆಯೇ ಎಂದು ನೋಡಲು ಅದೇ ನೆನಪೋಲೆ.

ಈ ಪದ್ಧತಿಗೂ ಮಿತಿಗಳಿವೆ. ಯುಡಿಪಿಯಲ್ಲಿ ಕಳುಹಿಸಿದ ಸಾಲು ತಲುಪಿತೇ ಎಂದು ಕಳುಹಿಸಿದವರು ಕೇಳುವುದಿಲ್ಲ. ನಡುವಿನ ತಂತಿ ಕಡಿದಿದ್ದರೆ ಅಷ್ಟು ಹೊತ್ತಿನ ಸಾಲುಗಳು ಹೋದವು. ಲಾಗ್ ಯಂತ್ರ ಯುಪಿಎಸ್ ಇಲ್ಲದೆ ನಿಂತಿದ್ದರೆ ವಿದ್ಯುತ್ ಹೋದ ಕ್ಷಣದ ಕಥೆಯೇ ಸಿಗುವುದಿಲ್ಲ, ಆದ್ದರಿಂದ ಅದೂ ರೌಟರೂ ಸ್ವಿಚ್ಚೂ ಒಂದೇ ಯುಪಿಎಸ್ ಮೇಲಿರಬೇಕು. ಲೆಕ್ಕದ ಯಂತ್ರದಲ್ಲಿಯೇ ಲಾಗ್ ಇಟ್ಟರೆ, ಫೈಲುಗಳಿಗೆ ಬೀಗ ಜಡಿದು ಹಣ ಕೇಳುವ ವೈರಸ್ ಬಂದಾಗ ಲೆಕ್ಕದೊಡನೆ ಸಾಕ್ಷಿಯೂ ಹೋಗುತ್ತದೆ.

ವಾರ್ಷಿಕ ನಿರ್ವಹಣಾ ಕರಾರಿಗೆ ಸಹಿ ಹಾಕುವಾಗ ಒಂದು ಷರತ್ತನ್ನು ಸೇರಿಸಬೇಕೆಂಬುದು ಈ ಎಲ್ಲದರಿಂದ ಬರುವ ಬೇಡಿಕೆ: ಪ್ರತಿ ತಿದ್ದುಪಡಿಯ ದಿನವೇ ಹೊಸ ನಕಲನ್ನು ಮಾಲೀಕರ ಕೈಗೆ ಕೊಟ್ಟು ಸಹಿ ಪಡೆಯಬೇಕು, ಅದಾದ ಮೇಲೆಯೇ ಬಿಲ್ ಪಾವತಿ. ಒಳ್ಳೆಯ ಇಂಜಿನಿಯರುಗಳು ಇದನ್ನು ವಿರೋಧಿಸಲಾರರು, ಏಕೆಂದರೆ ಮಧ್ಯರಾತ್ರಿಯ ಫೋನುಗಳು ಅವರಿಗೂ ಕಡಿಮೆಯಾಗುತ್ತವೆ. ನಾಲ್ಕೂ ತಾಲೂಕುಗಳ ಸದಸ್ಯರು ಊರಿಗೊಂದರಂತೆ ಒಂದು ಹೆಚ್ಚುವರಿ ರೌಟರನ್ನು ಹಂಚಿಕೊಂಡು ಇಟ್ಟುಕೊಳ್ಳುವುದೂ ಅಸಾಧ್ಯವಲ್ಲ. ಹಂಗಾಮು ಇಲ್ಲದ ದಿನಗಳಲ್ಲಿ ಪ್ರತಿಯೊಬ್ಬರೂ ತಮ್ಮ ಫೈಲನ್ನು ಒಮ್ಮೆ ಅದರ ಮೇಲೆ ಸುರಿದು, ಅಂಗಡಿಗೂ ಮಿಲ್ಲಿಗೂ ಸಂಪರ್ಕ ಬಂದಿತೇ ಎಂದು ನೋಡಿಕೊಳ್ಳಬಹುದು. ತೆಗೆದಿಟ್ಟ ನಕಲು ಕೆಲಸಕ್ಕೆ ಬರುವುದೋ ಇಲ್ಲವೋ ತಿಳಿಯಲು ಬೇರೆ ದಾರಿಯಿಲ್ಲ. ಪರೀಕ್ಷೆ ಮುಗಿದ ಮೇಲೆ ಆ ರೌಟರನ್ನು ಪೂರ್ತಿ ಅಳಿಸಿ ಮುಂದಿನವರಿಗೆ ಕೊಡಬೇಕು, ಇಲ್ಲದಿದ್ದರೆ ಒಬ್ಬರ ಪಾಸ್‌ವರ್ಡುಗಳು ಪಕ್ಕದ ಅಂಗಡಿಗೆ ಹೋಗಿ ಕೂರುತ್ತವೆ.